ಓದುತ್ತಿರುವಾಗಲೇ ಮಂಕಾಗುವ, ಮಲಗಿದರೆ ಅಡ್ಡ ತಿರುಗುವ ಫೋನ್ ಪರದೆ

ಪ್ರಶ್ನೆ: ಅಮ್ಮನ ಆಂಡ್ರಾಯ್ಡ್ ಫೋನಲ್ಲಿ ಏನಾದರೂ ಓದುತ್ತಾ ಇದ್ದರೆ ಪರದೆ ಬೇಗ ಮಂಕಾಗುತ್ತದೆ, ಬ್ರೈಟ್‌ನೆಸ್ ಜಾಸ್ತಿ ಮಾಡಿದರೂ ಮತ್ತೆ ಇಳಿಯುತ್ತದೆ. ಮಲಗಿಕೊಂಡು ನೋಡಿದರೆ ಅಡ್ಡ ತಿರುಗಿಬಿಡುತ್ತದೆ. ಏನು ಮಾಡಬೇಕು?

ಉತ್ತರ: ಮಂಕಾಗುವುದಕ್ಕೆ ಮುಖ್ಯವಾಗಿ ಎರಡು ಬೇರೆ ಬೇರೆ ಕಾರಣಗಳಿವೆ, ನೋಡಲು ಮಾತ್ರ ಎರಡೂ ಒಂದೇ ಥರ. ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಪರದೆ ಮಂಕಾದ ತಕ್ಷಣ ಖಾಲಿ ಜಾಗದಲ್ಲಿ ಬೆರಳು ತಾಗಿಸಿ. ಬೆಳಕು ಥಟ್ಟನೆ ಮೊದಲಿನಷ್ಟಕ್ಕೇ ಬಂದರೆ ಅದು ಟೈಮ್‌ಔಟ್, ಅಂದರೆ ಮುಟ್ಟದೆ ಬಿಟ್ಟ ಪರದೆ ಇಂತಿಷ್ಟು ಹೊತ್ತಾದ ಮೇಲೆ ತಾನಾಗಿ ಆರುವ ಏರ್ಪಾಡು. ಬೆರಳಿಟ್ಟರೂ ಮಂಕಾಗಿಯೇ ಉಳಿದರೆ ಆಟೋ ಬ್ರೈಟ್‌ನೆಸ್ ಕಡೆ ನೋಡಬೇಕು.

ಟೈಮ್‌ಔಟ್ ಆಗುವಾಗ ಫೋನ್ ಏಕಾಏಕಿ ಆಫ್ ಆಗುವುದಿಲ್ಲ, ಮೊದಲು ಮಂಕಾಗಿ ಎಚ್ಚರಿಸುತ್ತದೆ. ಆಂಡ್ರಾಯ್ಡ್‌ನ ಮೂಲ ಲೆಕ್ಕದಲ್ಲಿ ಈ ಮಂಕು ಹೊತ್ತು ಒಟ್ಟು ಅವಧಿಯ ಶೇ. 20, ಆದರೆ 7 ಸೆಕೆಂಡ್ ಮೀರುವುದಿಲ್ಲ. ಅಂದರೆ 30 ಸೆಕೆಂಡ್ ಇಟ್ಟಿದ್ದರೆ ಓದಲು ಸಿಗುವುದು 24 ಸೆಕೆಂಡ್ ಮಾತ್ರ. 15 ಸೆಕೆಂಡ್ ಇಟ್ಟಿದ್ದರೆ ಬರೀ 12. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುವವರಿಗೆ ಇದು ಒಂದು ಪ್ಯಾರಾಕ್ಕೂ ಸಾಲದು. Settings → Display → Screen timeout (ಕೆಲವು ಫೋನಲ್ಲಿ Sleep) ತೆರೆದು 2 ನಿಮಿಷ ಇಡಿ. ಅಡುಗೆ ಮನೆಯಲ್ಲಿ ರೆಸಿಪಿ ನೋಡುವ ಅಭ್ಯಾಸವಿದ್ದರೆ 5. ಅದಕ್ಕಿಂತ ಹೆಚ್ಚು ಇಡಬೇಡಿ ಎನ್ನುತ್ತೇನೆ: ಫೋನ್ ಎಲ್ಲೋ ಇಟ್ಟು ಮರೆತರೆ ಬ್ಯಾಟರಿಯೂ ಖರ್ಚು, ಲಾಕ್ ಆಗದೆ ಯಾರ ಕೈಗಾದರೂ ತೆರೆದೇ ಸಿಗುತ್ತದೆ. ನೀವು ಇಟ್ಟ ಸಮಯ ತಾನಾಗಿ ಕಡಿಮೆಯಾದಂತೆ ಕಂಡರೆ ಬ್ಯಾಟರಿ ಸೇವರ್ ಆನ್ ಇದೆಯೇ ನೋಡಿ. ಇನ್ನೊಂದು ಸಂಗತಿ: ಮಂಕಾಗದೆ ನೇರವಾಗಿ ಕಪ್ಪಾಗುತ್ತಿದ್ದರೆ ಅದು ಟೈಮ್‌ಔಟ್ ಅಲ್ಲ. ಮ್ಯಾಗ್ನೆಟ್ ಇರುವ ಫ್ಲಿಪ್ ಕವರ್ ಇದ್ದರೆ ಅದನ್ನು ತೆಗೆದು ನೋಡಿ. ಮಡಚಿದ ಕವರ್‌ನ ಮ್ಯಾಗ್ನೆಟ್‌ನಿಂದಾಗಿ ಮುಚ್ಚಳ ಹಾಕಿದ್ದಾರೆಂದು ಫೋನ್ ತಿಳಿಯುವುದುಂಟು.

ಈಗ ಬ್ರೈಟ್‌ನೆಸ್. ಜಾಸ್ತಿ ಮಾಡಿದರೂ ಇಳಿಯುತ್ತದೆ ಎಂದಿದ್ದೀರಲ್ಲ, ಅದು ಬಹುಪಾಲು ಆಟೋ ಬ್ರೈಟ್‌ನೆಸ್ ಕೆಲಸ; ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯನ್ನು ಹೊಂದಿಸುವ ಇದಕ್ಕೆ ಸೆಟ್ಟಿಂಗ್‌ನಲ್ಲಿ Adaptive brightness ಎಂಬ ಹೆಸರಿದೆ. ಅದು ಆನ್ ಇದ್ದಾಗ ಸ್ಲೈಡರ್ ಎಳೆದರೆ ಬೆಳಕು ಅಲ್ಲಿಗೇ ನಿಲ್ಲುವುದಿಲ್ಲ. ‘ಇಷ್ಟು ಬೆಳಕಿನ ಕೋಣೆಯಲ್ಲಿ ನನಗೆ ಇಷ್ಟು ಬೇಕು’ ಎಂದು ನೀವು ಫೋನಿಗೆ ಪಾಠ ಹೇಳಿದಂತಾಗುತ್ತದೆ. ರಾತ್ರಿ ದೀಪ ಆರಿಸಿ ಪೂರ್ತಿ ಇಳಿಸುವುದು ರೂಢಿಯಾಗಿದ್ದರೆ ಮಬ್ಬು ಕೋಣೆಗೆಲ್ಲ ಅದು ಅದೇ ಪಾಠ ಅನ್ವಯಿಸುತ್ತದೆ. ಅಮ್ಮ ಕೂತು ಓದುವ ಜಾಗದಲ್ಲೇ, ಅದೇ ಬೆಳಕಿನಲ್ಲಿ, ಕೆಲವು ದಿನ ಸ್ಲೈಡರ್ ತಿದ್ದಿದರೆ ಸರಿಹೋಗುತ್ತದೆ. ಪಿಕ್ಸೆಲ್‌ನಂಥ ಫೋನಲ್ಲಿ ಕಲಿತದ್ದನ್ನೆಲ್ಲ ಅಳಿಸಲೂಬಹುದು: Apps ಪಟ್ಟಿಯಲ್ಲಿ Device Health Services ಹುಡುಕಿ, Storage ಒಳಗೆ Manage space ಅಥವಾ Clear storage ತೆರೆದು adaptive brightness ರೀಸೆಟ್ ಮಾಡುವ ಬಟನ್ ಒತ್ತಿ.

ತಿದ್ದಿದರೂ ಪ್ರಯೋಜನವಾಗದಿದ್ದರೆ ಸೆನ್ಸರ್ ಪರೀಕ್ಷಿಸಿ. ಬೆಳಕು ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಕ್ಯಾಮೆರಾದ ಆಸುಪಾಸು ಇರುತ್ತದೆ. ನೋಟಿಫಿಕೇಶನ್ ಪಟ್ಟಿ ಎಳೆದು ಬ್ರೈಟ್‌ನೆಸ್ ಸ್ಲೈಡರ್ ಕಾಣುವಂತೆ ಇಟ್ಟುಕೊಂಡು ಆ ಭಾಗಕ್ಕೆ ಇನ್ನೊಂದು ಫೋನಿನ ಟಾರ್ಚ್ ಹಿಡಿಯಿರಿ. ಕೆಲವು ಸೆಕೆಂಡಿನಲ್ಲಿ ಸ್ಲೈಡರ್ ತಾನೇ ಮೇಲೇರಬೇಕು. ಏರದಿದ್ದರೆ ಟೆಂಪರ್ಡ್ ಗ್ಲಾಸ್‌ನ ಕಪ್ಪು ಅಂಚು ಅಥವಾ ಕೊಳೆ ಸೆನ್ಸರ್ ಮುಚ್ಚಿರಬಹುದು; ಗ್ಲಾಸ್ ತೆಗೆದು ಮತ್ತೆ ನೋಡಿ. ಆಗಲೂ ಕದಲದಿದ್ದರೆ Adaptive brightness ಆಫ್ ಮಾಡಿ ಕೈಯಿಂದಲೇ ಹೊಂದಿಸಿಕೊಳ್ಳುವುದು ನೆಮ್ಮದಿ. ಆಫ್ ಇದ್ದರೂ ಬಿಸಿಲಿನಲ್ಲಿ ಅಥವಾ ಚಾರ್ಜಿಗೆ ಹಾಕಿದಾಗ ಮಂಕಾಗುತ್ತಿದ್ದರೆ ಫೋನ್ ಕಾದಿದೆ ಎಂದರ್ಥ. ತಣ್ಣಗಾಗುವವರೆಗೆ ಯಾವ ಸೆಟ್ಟಿಂಗ್ ಬದಲಿಸಿಯೂ ಉಪಯೋಗವಿಲ್ಲ.

ಅಡ್ಡ ತಿರುಗುವುದು ಸುಲಭದ ಭಾಗ. ಫೋನಿಗೆ ನಿಮ್ಮ ತಲೆ ಎತ್ತ ಇದೆಯೆಂದು ಗೊತ್ತಿಲ್ಲ, ಭೂಮಿ ಯಾವ ಕಡೆ ಎಳೆಯುತ್ತಿದೆ ಎಂಬುದಷ್ಟೇ ಗೊತ್ತು. ಮಗ್ಗುಲಾಗಿ ಮಲಗಿದಾಗ ಆ ಎಳೆತ ಫೋನಿನ ಅಗಲದ ಕಡೆಗಿರುತ್ತದೆ, ಅದಕ್ಕೇ ತಿರುಗುವುದು. ಮೇಲಿನಿಂದ ಎರಡು ಸಲ ಎಳೆದರೆ ಬರುವ ಬಟನ್‌ಗಳಲ್ಲಿ Auto-rotate ಆಫ್ ಮಾಡಿ. ಆದರೆ ಮೊದಲು ಎದ್ದು ಕೂತು ಫೋನನ್ನು ನೆಟ್ಟಗೆ ಹಿಡಿಯಿರಿ: ಆಫ್ ಮಾಡುವ ಹೊತ್ತಿಗೆ ಪರದೆ ಹೇಗಿದೆಯೋ ಹಾಗೇ ಲಾಕ್ ಆಗುತ್ತದೆ, ಅಡ್ಡ ಇದ್ದರೆ ಅಡ್ಡಕ್ಕೇ.

ಹೀಗೆ ತಿರುಗುವುದನ್ನು ಲಾಕ್ ಮಾಡಿದ ಮೇಲೂ ಫೋನನ್ನು ಅಡ್ಡ ಹಿಡಿದರೆ ಕೆಳಗೆ ಮೂಲೆಯಲ್ಲಿ ಸಣ್ಣ ತಿರುಗುವ ಗುರುತು ಮಿಂಚುತ್ತದೆ (ಆಂಡ್ರಾಯ್ಡ್ 9ರಿಂದ ಇದೆ). ಫೋಟೋ ದೊಡ್ಡದಾಗಿ ನೋಡಬೇಕಾದರೆ ಅದನ್ನು ಒತ್ತಿದರೆ ಸಾಕು, ಲಾಕ್ ತೆಗೆಯಬೇಕಿಲ್ಲ. ಅಮ್ಮನಿಗೆ ಆ ಗುರುತನ್ನು ತೋರಿಸಿಡಿ. ಮಲಗಿದ್ದಾಗ ಬೆರಳು ಅದಕ್ಕೇ ತಾಗಿದರೆ ಪರದೆ ಮತ್ತೆ ಅಡ್ಡವಾಗುತ್ತದೆ. ವೀಡಿಯೊದಲ್ಲಿ ಫುಲ್ ಸ್ಕ್ರೀನ್ ಒತ್ತಿದಾಗ ತಿರುಗುವುದು ಮಾತ್ರ ಆ ಆ್ಯಪ್‌ನದೇ ಏರ್ಪಾಡು, ಲಾಕ್ ಕೆಟ್ಟಿದೆ ಎಂದುಕೊಳ್ಳಬೇಡಿ.