ಹಿಂದೆ ಆ ಕುರ್ಚಿಯಲ್ಲಿ ಯಾರಿದ್ದರು?

“ಗುರುವಾರ ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಹುದ್ದೆಗೆ ಎರಡನೇ ಸುತ್ತಿನ ಸಂದರ್ಶನ. ಅಲ್ಲಿ ಜನ ನಿಲ್ಲುವುದಿಲ್ಲವಂತೆ. ನಾನೇ ಕೇಳಬಹುದೇ?”

ಧಾರಾಳವಾಗಿ ಕೇಳಿ. ಆದರೆ ‘ಜನ ಏಕೆ ಬಿಡುತ್ತಾರೆ’ ಎಂದಲ್ಲ. ‘ಇದು ಹೊಸ ಹುದ್ದೆಯೋ, ತೆರವಾದದ್ದೋ? ಹಿಂದಿನವರು ಎಷ್ಟು ಕಾಲ ಇದ್ದರು?’ ಎಂದು. ಬಡ್ತಿ ಪಡೆದು ಅಲ್ಲೇ ಇದ್ದರೆ ಒಳ್ಳೆಯ ಸೂಚನೆ. ಒಬ್ಬರು ಬಿಟ್ಟುಹೋಗಿದ್ದರೆ ಏನೂ ಹೇಳಲಾಗದು. ಎರಡು ವರ್ಷದಲ್ಲಿ ಮೂವರು ಹೋಗಿದ್ದರೆ ತೊಂದರೆ ಹುದ್ದೆಯಲ್ಲೋ ಮೇಲಧಿಕಾರಿಯಲ್ಲೋ ಇರುವ ಸಂಭವವೇ ಹೆಚ್ಚು. ಹೋದವರನ್ನೆಲ್ಲ ‘ಒತ್ತಡ ತಾಳದವರು’ ಎಂದು ಸಂದರ್ಶಕರು ಹಳಿದರೆ ನಾನಂತೂ ಆ ಕಡೆ ತಲೆ ಹಾಕುವುದಿಲ್ಲ.

ಆಮೇಲೆ, ‘ಮೊದಲ ಮೂರು ತಿಂಗಳಲ್ಲಿ ನಾನು ಏನೇನು ಮುಗಿಸಿರಬೇಕು?’ ಎಂಬ ಒಂದೇ ಪ್ರಶ್ನೆಯನ್ನು ಎಚ್‌ಆರ್‌ನವರಿಗೂ ನಿಮ್ಮ ಮೇಲಧಿಕಾರಿಯಾಗುವವರಿಗೂ ಬೇರೆಬೇರೆಯಾಗಿ ಕೇಳಿ. ಎಚ್‌ಆರ್ ‘ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಲೆಕ್ಕದ ತಾಳೆ’ ಎಂದು, ಮೇಲಧಿಕಾರಿ ‘ಬಾಕಿ ವಸೂಲಿ, ಗೋದಾಮಿನ ದಾಸ್ತಾನು’ ಎಂದು ಹೇಳಿದರೆ, ಒಂದು ಸಂಬಳಕ್ಕೆ ಇಬ್ಬರ ಕೆಲಸ ಕಾದಿದೆ ಎಂದುಕೊಳ್ಳಿ. ಸಣ್ಣ ಕಂಪನಿಯಲ್ಲಿ ಕೆಲಸಗಳು ಸ್ವಲ್ಪ ಬೆರೆಯುವುದು ಸಹಜವೇ. ‘ಹಾಗಾದರೆ ತಿಂಗಳ ಕೊನೆಯಲ್ಲಿ ಮೊದಲು ಯಾವುದು?’ ಎಂದು ಕೇಳಿ ನೋಡಿ. ಅದಕ್ಕೂ ಸ್ಪಷ್ಟ ಉತ್ತರವಿಲ್ಲದಿದ್ದರೆ, ಕೆಲಸದ ವಿವರವನ್ನು ಬರಹದಲ್ಲಿ ಪಡೆಯದೆ ಸಹಿ ಮಾಡಬೇಡಿ.