ವಿಮಾನದ ಅನೌನ್ಸ್‌ಮೆಂಟ್ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ಹೇಗೆ?

ಪ್ರಶ್ನೆ: ಕಾರವಾರದಿಂದ ಅಮ್ಮ ಒಬ್ಬರೇ ಗೋವಾದ ದಾಬೋಲಿಂ ಏರ್‌ಪೋರ್ಟಿಗೆ ಹೋಗಿ ಬೆಂಗಳೂರು ವಿಮಾನ ಹತ್ತುತ್ತಾರೆ. ಇಂಗ್ಲಿಷ್ ಬರಲ್ಲ. ತಡ, ಗೇಟ್ ಬದಲು ಅಂತ ಕೂಗಿದರೆ ಫೋನಲ್ಲಿ ಏನಂತ ಹೇಳಲಿ?

ಉತ್ತರ: ಪದಕ್ಕೆ ಪದ ಅನುವಾದ ಮಾಡಬೇಡಿ. ಯಾವ ವಿಮಾನ, ಎಷ್ಟು ಗಂಟೆಗೆ, ಯಾವ ಗೇಟ್, ಇಷ್ಟು ಸಾಕು. "ಅಡಚಣೆಗೆ ವಿಷಾದಿಸುತ್ತೇವೆ" ಅನ್ನೋದನ್ನೆಲ್ಲ ಸುಮ್ನೆ ಬಿಟ್ಟುಬಿಡಿ.

ಉದಾಹರಣೆಗೆ, 412 ನಂಬರಿನ ವಿಮಾನ 'ಲೇಟ್ ಅರೈವಲ್ ಆಫ್ ಇನ್‌ಕಮಿಂಗ್ ಏರ್‌ಕ್ರಾಫ್ಟ್' ಕಾರಣ ತಡವಾಗಿದೆ, ಹೊಸ ಡಿಪಾರ್ಚರ್ 4:40, ಗೇಟ್ 3ರ ಬದಲು 5 ಅಂತ ಕೂಗಿದರು ಅಂದುಕೊಳ್ಳಿ. ಅದನ್ನು ಹೀಗೆ ಹೇಳಿ:

"ಅಮ್ಮಾ, ನಿನ್ನ ವಿಮಾನ ಇನ್ನೂ ಅಲ್ಲಿಗೆ ಬಂದಿಲ್ಲ. 4:40ಕ್ಕೆ ಹೊರಡ್ತದೆ. ಈಗಲೇ ಎದ್ದು 5ನೇ ಗೇಟಿಗೆ ಹೋಗು."

'ಒಳಬರುವ ವಿಮಾನದ ವಿಳಂಬ' ಅಂದರೆ ಅದು ಬೇರೆ ಯಾವುದೋ ವಿಮಾನ ಅಂತ ಅನ್ನಿಸುತ್ತದೆ, ಅಲ್ವಾ? ಬೇರೆ ಊರಿಂದ ಬರುವ ಆ ವಿಮಾನವೇ ಅಮ್ಮನನ್ನು ಕರೆದುಕೊಂಡು ಹೋಗುವುದು. 'ಗೇಟ್ ಬದಲಾಗಿದೆ' ಅಂತಷ್ಟೇ ಹೇಳಿದರೂ ಕೂತಲ್ಲೇ ಕೂತಿರುತ್ತಾರೆ, 'ಹೋಗು' ಅನ್ನಲೇಬೇಕು.

ಜಾಸ್ತಿ ಎಡವುವುದು ಹೊತ್ತಿನಲ್ಲಿ. ಡಿಪಾರ್ಚರ್ ಅಂದರೆ ವಿಮಾನ ಹೊರಡುವ ಹೊತ್ತು, ಹತ್ತುವ ಹೊತ್ತಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಹೊರಡುವ 25 ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ, ಆದ್ದರಿಂದ "4 ಗಂಟೆಗೆ ಗೇಟಿನ ಹತ್ತಿರ ಇರು" ಅಂತ ಸೇರಿಸಿ.

ಬೋರ್ಡಿಂಗ್ ಪಾಸಲ್ಲಿ ಹಳೇ ಗೇಟೇ ಇರುತ್ತದೆ. ಟಿವಿ ಪರದೆಯಲ್ಲಿ 412ರ ಸಾಲು ಹುಡುಕಿ ಅಲ್ಲಿನ ಗೇಟ್ ನಂಬರ್ ನೋಡಲು ಹೇಳಿ. DELAYED ಅಂದರೆ ತಡ, CANCELLED ಅಂದರೆ ರದ್ದು. ಇವೆರಡನ್ನೂ ಚೀಟಿಯಲ್ಲಿ ದೊಡ್ಡದಾಗಿ ಬರೆದು ಪರ್ಸಿನಲ್ಲಿಡಿ.