ಮೊದಲು "ಯಾರು?" ಎಂದು ಕೇಳಿ

*ಪ್ರಾಜೆಕ್ಟ್ ಇಮೇಲ್ ಕಳಿಸಿದರೆ ಎಲ್ಲರೂ "ಓಕೆ" ಅಂತ ಉತ್ತರ ಹಾಕ್ತಾರೆ, ಕೆಲಸ ಮಾತ್ರ ಮುಂದೆ ಹೋಗಲ್ಲ. ನನ್ನ ಬರವಣಿಗೆಯಲ್ಲಿ ಏನು ತಪ್ಪಾಗ್ತಿದೆ?*

ನಾನು ಶಿರಸಿ, ಕುಮಟಾ ಕಡೆ ಸಣ್ಣ ಕಟ್ಟಡ ಕೆಲಸಗಳ ಉಸ್ತುವಾರಿ ನೋಡುತ್ತೇನೆ. ಶಿರಸಿ ಹತ್ತಿರ ಒಂದು ಅಡಿಕೆ ಗೋದಾಮಿನ ಛಾವಣಿ ಬದಲಿಸುವಾಗ ನಾನೇ ನಾಲ್ಕು ಜನರಿಗೆ ಹೀಗೆ ಬರೆದಿದ್ದೆ:

"ಸಭೆಯಲ್ಲಿ ತೀರ್ಮಾನಿಸಿದಂತೆ ಅಳತೆಯನ್ನು ಪರಿಶೀಲಿಸಿ ಶೀಟಿಗೆ ಆರ್ಡರ್ ಕೊಡಲಾಗುವುದು. ಅದನ್ನು ಅವರಿಗೆ ಆದಷ್ಟು ಬೇಗ ತಿಳಿಸಬೇಕಾಗಿದೆ. ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಬೇಕು."

ಓದಲು ಚೆನ್ನಾಗಿದೆ, ಅಲ್ವಾ? ಹನ್ನೊಂದು ದಿನ ಯಾರೂ ಏನೂ ಮಾಡಲಿಲ್ಲ. ಸೈಟ್ ಎಂಜಿನಿಯರ್, ಅಳತೆ ಫ್ಯಾಬ್ರಿಕೇಷನ್‌ನವರ ಕೆಲಸ ಎಂದುಕೊಂಡಿದ್ದರು. ಫ್ಯಾಬ್ರಿಕೇಷನ್‌ನವರು ಎಂಜಿನಿಯರ್ ಅಳತೆಗೆ ಕಾಯುತ್ತಿದ್ದರು. ಗೋದಾಮಿನ ಮ್ಯಾನೇಜರ್, ಆರ್ಡರ್ ಹೋಗಿಯೇ ಬಿಟ್ಟಿದೆ ಎಂದು ನಂಬಿದ್ದರು. ಬಣ್ಣದ ತಗಡಿನ ಶೀಟನ್ನು ನಾವು ಹೇಳಿದ ಉದ್ದಕ್ಕೇ ಕತ್ತರಿಸಿ ಕೊಡುತ್ತಾರೆ. ಅಳತೆ ಇಲ್ಲದೆ ಆರ್ಡರ್ ಕೊಡುವ ಹಾಗೇ ಇಲ್ಲ. ಶೀಟು ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಅಡಿಕೆ ಚೀಲಗಳನ್ನು ಬೇರೆ ಕಡೆ ಸಾಗಿಸಬೇಕಾಯಿತು.

ಆ ಮೂರು ಸಾಲಿನಲ್ಲಿ ಮೂರು ಕೆಲಸಗಳಿವೆ: ಅಳೆಯುವುದು, ಆರ್ಡರ್ ಕೊಡುವುದು, ತಿಳಿಸುವುದು. ಮಾಡುವವರು ಮಾತ್ರ ಒಬ್ಬರೂ ಇಲ್ಲ. ಕನ್ನಡದಲ್ಲಿ ಹೀಗೆ ಬರೆಯುವುದು ತುಂಬಾ ಸುಲಭ. "ಕೊಡಲಾಗುವುದು" ಎಂದರೆ ಕರ್ತೃ ಮಾಯ. "ಮುಗಿಯಬೇಕು" ಎಂಬಲ್ಲಿ ಕೆಲಸ ತಾನಾಗಿಯೇ ಮುಗಿಯುವ ಹಾಗಿದೆ, "ಮುಗಿಸಬೇಕು" ಎಂದು ಬರೆದಿದ್ದರೆ "ಯಾರು?" ಎಂಬ ಪ್ರಶ್ನೆಯಾದರೂ ಏಳುತ್ತಿತ್ತು.

ಈಗ ಕಳಿಸುವ ಮುಂಚೆ ನಾನು Ctrl+F ಒತ್ತಿ "ಲಾಗು", "ಲಾಗಿ", "ಬೇಕಾಗಿ", "ಬೇಕಿದೆ", "ಬೇಕು" ಎಂದು ಹುಡುಕುತ್ತೇನೆ. ಸಿಕ್ಕ ಪ್ರತಿ ಕ್ರಿಯಾಪದಕ್ಕೂ "ಯಾರು?" ಎಂದು ಕೇಳುತ್ತೇನೆ. ಉತ್ತರ ಒಬ್ಬರ ಹೆಸರಾಗಿರಬೇಕು. "ಎಂಜಿನಿಯರ್ ಮತ್ತು ಫ್ಯಾಬ್ರಿಕೇಷನ್‌ನವರು ನೋಡಿಕೊಳ್ಳಲಿ" ಎಂದರೆ ಮತ್ತೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾರೆ.

ಆಮೇಲೆ ಸರ್ವನಾಮಗಳು. ಇಲ್ಲಿ ಜಾಸ್ತಿ ಹುಷಾರಾಗಿರಬೇಕು. "ಅವರು" ಗೌರವದ ಒಬ್ಬ ವ್ಯಕ್ತಿಯೂ ಆಗಬಹುದು, ಹತ್ತು ಜನರೂ ಆಗಬಹುದು. ನನ್ನ ಇಮೇಲ್‌ನ "ಅವರಿಗೆ" ಎಂದರೆ ಅಂಗಡಿಯವರೋ, ಮ್ಯಾನೇಜರೋ? "ಅದನ್ನು" ಎಂದರೆ ಅಳತೆಯೋ, ಆರ್ಡರೋ? "ನಾವು" ಕೂಡ ಹಾಗೇ. ನಮ್ಮ ಕಚೇರಿ ಎಂಬ ಅರ್ಥದಲ್ಲಿ ನಾನು "ನಾವು" ಎಂದು ಬರೆದರೆ, ಓದುವವರು ತಮ್ಮನ್ನೂ ಸೇರಿಸಿಕೊಳ್ಳಬಹುದು, ಬಿಡಲೂಬಹುದು. ಇಂಥ ಕಡೆ ಹೆಸರನ್ನೇ ಮತ್ತೆ ಬರೆಯಿರಿ. ಎರಡು ಸಲ ಬಂದರೆ ಬರಲಿ, ಇದು ಕಥೆಯಲ್ಲ.

ಅದೇ ಇಮೇಲನ್ನು ಈಗ ಬರೆದರೆ ಹೀಗಿರುತ್ತದೆ (ನಿಜವಾದ ಪತ್ರದಲ್ಲಿ ಹುದ್ದೆಯ ಜಾಗದಲ್ಲಿ ಹೆಸರು ಹಾಕುತ್ತೇನೆ):

"ಎಂಜಿನಿಯರ್ ಸರ್, ನೀವು ಮಂಗಳವಾರ ಸಂಜೆಯೊಳಗೆ ಛಾವಣಿಯ ಎರಡೂ ಇಳಿಜಾರಿನ ಉದ್ದ ಅಳೆದು ನನಗೆ ಕಳಿಸಿಕೊಡಿ. ಆ ಅಳತೆ ಸಿಕ್ಕಿದ ಮೇಲೆ ನಾನು ಬುಧವಾರ ಶೀಟಿಗೆ ಆರ್ಡರ್ ಕೊಡುತ್ತೇನೆ. ಶೀಟು ಬರುವ ದಿನವನ್ನು ಫ್ಯಾಬ್ರಿಕೇಷನ್‌ನವರಿಗೂ ಮ್ಯಾನೇಜರ್‌ಗೂ ನಾನೇ ತಿಳಿಸುತ್ತೇನೆ. ಹಳೆ ಶೀಟು ಯಾರು ಇಳಿಸಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲ. ಮ್ಯಾನೇಜರ್ ಸರ್, ಅದನ್ನು ನೀವು ಗುರುವಾರದೊಳಗೆ ಹೇಳಿ."

ಕೊನೆಯ ಎರಡು ಸಾಲು ಗಮನಿಸಿ. ಯಾರು ಮಾಡಬೇಕು ಎಂದು ನಿಮಗೇ ಗೊತ್ತಿಲ್ಲದಿದ್ದಾಗಲೇ "ಇಳಿಸಲಾಗುವುದು" ಎಂದು ಬರೆಯುವ ಮನಸ್ಸಾಗುತ್ತದೆ. ಹಾಗೆ ಮುಚ್ಚಬೇಡಿ. ತೀರ್ಮಾನವಾಗಿಲ್ಲ ಎಂದು ಬರೆದು, ಅದನ್ನು ತೀರ್ಮಾನಿಸುವವರ ಹೆಸರು ಹಾಕಿ.

ಹಿರಿಯರಿಗೆ ನೇರವಾಗಿ "ನೀವು ಮಾಡಿ" ಎನ್ನಲು ನಮ್ಮ ಕಡೆ ಸಂಕೋಚ ಜಾಸ್ತಿ. "ಮಾಡಲಾಗುವುದು" ಬರುವುದು ಬಹಳ ಸಲ ಇದೇ ಮರ್ಯಾದೆಯಿಂದ. ಆದರೆ "ಸರ್", "ಕಳಿಸಿಕೊಡಿ" ಎಂಬಲ್ಲೇ ಬೇಕಾದಷ್ಟು ಮರ್ಯಾದೆ ಇದೆ. ಜೊತೆಗೆ ಕಾರಣ ಒಂದು ಸಾಲು ಹಾಕಿ: "ಅಳತೆ ಸಿಗದಿದ್ದರೆ ಅಂಗಡಿಯವರು ಆರ್ಡರ್ ತೆಗೆದುಕೊಳ್ಳುವುದಿಲ್ಲ."

ಎಲ್ಲ "ಲಾಗಿದೆ"ಯನ್ನೂ ಅಳಿಸಬೇಕಿಲ್ಲ. "ಹಳೆ ವೈರಿಂಗ್ ತೆಗೆಯಲಾಗಿದೆ" ಎಂಬುದು ಮುಗಿದ ಕೆಲಸ. ಯಾರು ತೆಗೆದರು ಎಂಬುದು ಬೇಡವಾದರೆ ಹಾಗೇ ಇರಲಿ. ಮುಂದೆ ಆಗಬೇಕಾದ ಕೆಲಸದಲ್ಲಿ ಮಾತ್ರ ಬಿಡಬೇಡಿ.

ಕಳಿಸುವ ಮುಂಚೆ ಇನ್ನೊಂದು ನೋಡಿ. ಯಾರಿಗೆ ಕೆಲಸ ಹೇಳಿದ್ದೀರೋ ಅವರು To ಸಾಲಿನಲ್ಲಿರಲಿ. Cc ಯಲ್ಲಿರುವವರು ಅದನ್ನು ಸುಮ್ನೆ ಮಾಹಿತಿಗೆ ಎಂದು ಓದುತ್ತಾರೆ. ಬರುವ ಉತ್ತರದಲ್ಲೂ "ಓಕೆ" ಸಾಲದು. "ಮಂಗಳವಾರ ಅಳತೆ ಕಳಿಸುತ್ತೇನೆ" ಎಂದು ಅವರು ಬರೆದರೆ ವಿಷಯ ತಲುಪಿದೆ. ಬರೀ "ಓಕೆ" ಬಂದರೆ ನಾನು ಆ ದಿನವೇ ಫೋನ್ ಮಾಡಿ "ಅಳತೆ ಯಾವಾಗ ಸಿಗುತ್ತದೆ ಸರ್?" ಎಂದು ಕೇಳುತ್ತೇನೆ.